ಟ್ಯಾಗ್‌ಲೈನ್ ಪರೀಕ್ಷೆ: ಅರ್ಥ ಆಗುತ್ತದಾ, ನೆನಪಿರುತ್ತದಾ, ಪ್ರಶ್ನೆ ಬಂದಾಗ ನಿಲ್ಲುತ್ತದಾ?

ಟ್ಯಾಗ್‌ಲೈನ್ ಆರಿಸುವ ಮೀಟಿಂಗ್‌ಗಳು ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತವೆ. ಐದಾರು ಸಾಲುಗಳನ್ನು ತೋರಿಸುತ್ತಾರೆ. ಯಾವುದು ಇಷ್ಟ ಎಂದು ಕೇಳುತ್ತಾರೆ. ಕೊನೆಗೆ ಮಾಲೀಕರಿಗೆ ಇಷ್ಟವಾದದ್ದು ಬೋರ್ಡಿನ ಮೇಲೆ ಬರುತ್ತದೆ. ನನ್ನ ಪ್ರಕಾರ ಇಲ್ಲಿ ಕೇಳಿದ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು ಬೇರೆ: ಈ ಸಾಲು ಓದಿದ ಗ್ರಾಹಕರು ನಮ್ಮ ಬಗ್ಗೆ ಏನು ನಂಬಿದರು?

ಅವರು ಏನೂ ನಂಬಲಿಲ್ಲ ಎಂದರೆ ಸಾಲು ಸ್ಪಷ್ಟವಾಗಿಲ್ಲ. ನಂಬಿದ್ದು ಮರುದಿನ ಮರೆತುಹೋದರೆ ಸಾಲಿಗೆ ಹಿಡಿತ ಇಲ್ಲ. ನಂಬಿದ್ದು ನಿಜವಲ್ಲದಿದ್ದರೆ ಕಾನೂನಿನ ತೊಂದರೆ ಕಾದಿದೆ. ಹಾಗಾಗಿ ಸ್ಪಷ್ಟತೆ, ನೆನಪು, ಸಾಕ್ಷಿ ಈ ಮೂರನ್ನೂ ಬೇರೆ ಬೇರೆ ಮಾಡಿ ಅಂಕ ಕೊಡುವ ಬದಲು, ಒಂದೇ ದಾರದಲ್ಲಿ ಪೋಣಿಸಿ ನೋಡುವುದು ಒಳ್ಳೆಯದು. ಅದನ್ನು ಒಂದು ಉದಾಹರಣೆ ಇಟ್ಟುಕೊಂಡೇ ಮಾಡೋಣ.

ಚಳ್ಳಕೆರೆ ಕಡೆಯಲ್ಲಿ ಒಂದು ಚಿಕ್ಕ ಎಣ್ಣೆ ಘಟಕ ಇದೆ ಎಂದುಕೊಳ್ಳಿ. ಮರದ ಗಾಣದಲ್ಲಿ ಶೇಂಗಾ ಎಣ್ಣೆ ತೆಗೆಯುತ್ತಾರೆ. ಒಂದು ಲೀಟರ್ ಬಾಟಲಿಯಲ್ಲಿ ತುಂಬಿ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯ ಅಂಗಡಿಗಳಿಗೆ ಕಳಿಸುತ್ತಾರೆ. ಅವರ ಮುಂದೆ ಐದು ಸಾಲುಗಳಿವೆ:

- ಶುದ್ಧತೆಯೇ ನಮ್ಮ ಗುರಿ
- ಹೃದಯಕ್ಕೆ ಹಿತ, ನಾಲಿಗೆಗೆ ರುಚಿ
- ಕರ್ನಾಟಕದ ನಂ. 1 ಗಾಣದ ಎಣ್ಣೆ
- ನಮ್ಮೂರ ಶೇಂಗಾ, ನಿಮ್ಮೂರ ಒಗ್ಗರಣೆ
- ಗಾಣ ಮರದ್ದು, ಘಮ ಶೇಂಗಾದ್ದು

## ಮೊದಲು ನಿಜದ ಪಟ್ಟಿ

ಸಾಲುಗಳನ್ನು ಪಕ್ಕಕ್ಕಿಡಿ. ಒಂದು ಹಾಳೆಯಲ್ಲಿ ಕಂಪನಿಯ ಬಗ್ಗೆ ಇವತ್ತು ನಿಜವಾಗಿರುವುದನ್ನು ಮಾತ್ರ ಬರೆಯಿರಿ. ಇದನ್ನು ಮಾರ್ಕೆಟಿಂಗ್‌ನವರೇ ಕೂತು ಬರೆಯಬಾರದು. ಗಾಣ ನಡೆಸುವವರು, ಕಾಯಿ ಖರೀದಿ ಮಾಡುವವರು, ಲೆಕ್ಕ ನೋಡುವವರು ಜೊತೆಗಿರಬೇಕು. ಯಾಕೆಂದರೆ ನಿಜವಾದ ವಿವರ ಇರುವುದು ಅವರ ಹತ್ತಿರ.

ನಮ್ಮ ಎಣ್ಣೆ ಘಟಕದಲ್ಲಿ ಕೇಳಬೇಕಾದ ಪ್ರಶ್ನೆಗಳು ಹೀಗಿರುತ್ತವೆ. ಕಾಯಿ ವರ್ಷಪೂರ್ತಿ ಚಳ್ಳಕೆರೆಯದ್ದೇನಾ, ಅಥವಾ ಇಲ್ಲಿ ಬೆಳೆ ಕೈಕೊಟ್ಟಾಗ ಬೇರೆ ರಾಜ್ಯದಿಂದ ತರಿಸುತ್ತೀರಾ? ಗಾಣದಲ್ಲಿ ಕಾಯಿಗೆ ತಾಗುವ ಭಾಗ ಎಲ್ಲವೂ ಮರದ್ದಾ, ಅಥವಾ ಒನಕೆ ಮಾತ್ರ ಮರ, ಹೊರಗಿನ ಡ್ರಮ್ ಸ್ಟೀಲಾ? ಈಗಿನ ಎಷ್ಟೋ ಮೋಟಾರ್ ಗಾಣಗಳು ಹಾಗೇ ಇರುತ್ತವೆ. ಹಬ್ಬದ ಸಮಯದಲ್ಲಿ ಆರ್ಡರ್ ಜಾಸ್ತಿಯಾದಾಗ ಬೇರೆಯವರ ಎಕ್ಸ್‌ಪೆಲ್ಲರ್‌ನಲ್ಲಿ, ಅಂದರೆ ಕಬ್ಬಿಣದ ತಿರುಪು ಯಂತ್ರದಲ್ಲಿ, ತೆಗೆದ ಎಣ್ಣೆಯನ್ನೂ ಬಾಟಲಿಗೆ ತುಂಬುತ್ತೀರಾ? ಕಾಯಿಯನ್ನು ಬಿಸಿ ಮಾಡಿ ಹಾಕುತ್ತೀರಾ? ಎಣ್ಣೆಗೆ ಬೇರೆ ಏನಾದರೂ ಸೇರುತ್ತದಾ? ಲ್ಯಾಬ್ ಪರೀಕ್ಷೆ ಪ್ರತಿ ಬ್ಯಾಚಿಗೂ ಆಗುತ್ತದಾ, ವರ್ಷಕ್ಕೊಮ್ಮೆಯಾ?

ಉತ್ತರಗಳು ಹೀಗೆ ಬಂದವು ಎಂದುಕೊಳ್ಳೋಣ. ಕಾಯಿ ಹೆಚ್ಚಿನ ತಿಂಗಳು ಸುತ್ತಮುತ್ತಲಿನದ್ದು, ಕೆಲವು ತಿಂಗಳು ಹೊರಗಿನದ್ದು. ಗಾಣದಲ್ಲಿ ಕಾಯಿಗೆ ತಾಗುವ ಒನಕೆ, ಒರಳು ಎರಡೂ ಮರದ್ದು. ಎಕ್ಸ್‌ಪೆಲ್ಲರ್ ಎಣ್ಣೆ ಸೇರಿಸುವುದಿಲ್ಲ. ಶೇಂಗಾ ಬಿಟ್ಟು ಬೇರೇನೂ ಇಲ್ಲ. ಲ್ಯಾಬ್ ಪರೀಕ್ಷೆ ಆರು ತಿಂಗಳಿಗೊಮ್ಮೆ. ಈ ಹಾಳೆಯನ್ನು ಜೋಪಾನವಾಗಿಡಿ. ಮುಂದೆ ಎಲ್ಲವನ್ನೂ ಇದರ ಜೊತೆ ಹೋಲಿಸುತ್ತೀರಿ.

## ಓದಿದವರು ಏನು ತಿಳಿದುಕೊಂಡರು?

ಈಗ ಸ್ಪಷ್ಟತೆಯ ಪರೀಕ್ಷೆ. ಇದಕ್ಕೆ ಒಂದೊಂದು ಸಾಲಿಗೂ ಕಂಪನಿಗೆ ಸಂಬಂಧವಿಲ್ಲದ ಹದಿನೈದಿಪ್ಪತ್ತು ಜನ ಸಾಕು. ಅವರು ನಿಮ್ಮ ಎಣ್ಣೆ ಕೊಳ್ಳಬಹುದಾದವರಾಗಿರಬೇಕು, ಅಂದರೆ ಮನೆಗೆ ಸಾಮಾನು ತರುವವರು. ಇಷ್ಟು ಜನರಿಂದ ಶೇಕಡಾವಾರು ಲೆಕ್ಕ ಹಾಕಲು ಆಗುವುದಿಲ್ಲ, ಹಾಕಲೂಬಾರದು. ಆದರೆ ಸಾಲು ಎಲ್ಲಿ ಎಡವುತ್ತದೆ ಎಂದು ತಿಳಿಯಲು ಸಾಕಾಗುತ್ತದೆ.

ಸಾಲನ್ನು ಒಂದು ಚೀಟಿಯಲ್ಲಿ ಬರೆದು ಐದು ಸೆಕೆಂಡ್ ತೋರಿಸಿ ತೆಗೆದುಬಿಡಿ. ಲೋಗೊ ಬೇಡ, ಬಾಟಲಿಯ ಚಿತ್ರ ಬೇಡ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಇವರು ಏನು ಮಾರುತ್ತಾರೆ? ಇವರ ವಸ್ತುವಿನ ಬಗ್ಗೆ ನಿಮಗೆ ಏನು ಗೊತ್ತಾಯಿತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಡುವೆ ವಿವರಿಸಲು ಹೋಗಬೇಡಿ. ಚೆನ್ನಾಗಿದೆಯಾ ಎಂದು ಕೇಳಲೇಬೇಡಿ. ಎದುರಿಗಿರುವವರ ಮನಸ್ಸು ನೋಯಿಸಬಾರದು ಎಂದು ಜನ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅಲ್ವಾ? ಒಬ್ಬರಿಗೆ ಒಂದೇ ಸಾಲು ತೋರಿಸಿ. ಐದನ್ನೂ ಒಟ್ಟಿಗೆ ತೋರಿಸಿದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಐದು ಸಾಲಿಗೂ ಇಪ್ಪತ್ತು ಜನ ಬೇಕಾದರೆ ನೂರು ಜನ ಆಗುತ್ತಾರೆ. ಅಷ್ಟು ಸಿಗದಿದ್ದರೆ ಮೊದಲು ತೀರಾ ದುರ್ಬಲವಾದವನ್ನು ಕೈಬಿಡಿ.

ದುರ್ಬಲ ಸಾಲು ಹಿಡಿಯಲು ಒಂದು ಸುಲಭ ದಾರಿ ಇದೆ. ಅದರ ಪಕ್ಕದಲ್ಲಿ ಬೇರೆ ವ್ಯಾಪಾರದ ಹೆಸರು ಇಟ್ಟು ನೋಡಿ. 'ಶುದ್ಧತೆಯೇ ನಮ್ಮ ಗುರಿ' ಎನ್ನುವುದು ಚಿನ್ನದ ಅಂಗಡಿಗೂ ಒಪ್ಪುತ್ತದೆ, ಕುಡಿಯುವ ನೀರಿನ ಕ್ಯಾನಿಗೂ ಒಪ್ಪುತ್ತದೆ, ಹಾಲಿನ ಡೇರಿಗೂ ಒಪ್ಪುತ್ತದೆ. ಎಲ್ಲರಿಗೂ ಒಪ್ಪುವ ಸಾಲು ನಿಮ್ಮ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಇದನ್ನು ಇಲ್ಲಿಗೇ ಬಿಡಬಹುದು.

ಕನ್ನಡದಲ್ಲಿ ಇನ್ನೊಂದು ವಿಷಯ ತಪ್ಪದೆ ನೋಡಬೇಕು. ಸಾಲು ಎಲ್ಲ ಕಡೆಯ ಜನರಿಗೂ ಒಂದೇ ಥರ ಕೇಳಿಸುತ್ತದಾ? ಹುಬ್ಬಳ್ಳಿಯಲ್ಲಿ ಶೇಂಗಾ ಎನ್ನುವುದನ್ನು ಮೈಸೂರಿನಲ್ಲಿ ಕಡಲೆಕಾಯಿ ಎನ್ನುತ್ತಾರೆ, ಕರಾವಳಿಯಲ್ಲಿ ನೆಲಗಡಲೆ ಎನ್ನುತ್ತಾರೆ. ಅರ್ಥವಾಗುವುದು ಬೇರೆ, ಅದು ತನ್ನ ಮನೆಯ ಮಾತು ಅನ್ನಿಸುವುದು ಬೇರೆ. ಮಾರುವುದು ಎಲ್ಲಿ ಹೆಚ್ಚು ಎಂಬುದನ್ನು ನೋಡಿ ಪದ ಆರಿಸಬೇಕು. ಗಾಣ ಎಂಬ ಪದವೂ ಹಾಗೆಯೇ. ಊರಿನವರಿಗೆ ಅದು ಎಣ್ಣೆಯನ್ನೇ ನೆನಪಿಸುತ್ತದೆ. ಕಬ್ಬಿನ ಸೀಮೆಯಲ್ಲಿ ಆಲೆಮನೆಯ ಕಬ್ಬಿನ ಗಾಣ ಮೊದಲು ನೆನಪಾಗಬಹುದು. ನಗರದ ಚಿಕ್ಕ ವಯಸ್ಸಿನವರಿಗೆ ಏನೂ ಹೊಳೆಯದೆಯೂ ಇರಬಹುದು. ಹಾಗೇ, ಎಣ್ಣೆ ಎಂಬ ಪದಕ್ಕೆ ಬಾಯಿಮಾತಿನಲ್ಲಿ ಹೆಂಡ ಎಂಬ ಅರ್ಥವೂ ಇದೆ. 'ಮನೆಮಂದಿಗೆಲ್ಲ ನಮ್ಮ ಎಣ್ಣೆ' ಎಂದು ಬಸ್ಸಿನ ಹಿಂದೆ ಬರೆದರೆ ಜನ ಏನು ಮಾಡುತ್ತಾರೆ ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಸಾಲನ್ನು ಕಣ್ಣಿಗೆ ತೋರಿಸಿದರೆ ಸಾಲದು. ಗಟ್ಟಿಯಾಗಿ ಓದಿ ಕಿವಿಗೂ ಕೇಳಿಸಬೇಕು.

ನಮ್ಮ ಉದಾಹರಣೆಗೆ ಬರೋಣ. 'ಗಾಣ ಮರದ್ದು, ಘಮ ಶೇಂಗಾದ್ದು' ಎಂಬುದನ್ನು ಓದಿದವರ ಉತ್ತರಗಳು ಹೀಗೆ ಬರುತ್ತವೆ ಎಂದುಕೊಳ್ಳಿ: 'ಗಾಣದ ಎಣ್ಣೆ ಮಾರ್ತಾರೆ', 'ಹಳೇ ಥರ ಮರದಲ್ಲಿ ಅರೀತಾರೆ', 'ಸೆಂಟ್ ಹಾಕಿಲ್ಲ, ಶೇಂಗಾದ್ದೇ ವಾಸನೆ', 'ಕೆಮಿಕಲ್ ಇಲ್ಲ'. 'ನಮ್ಮೂರ ಶೇಂಗಾ, ನಿಮ್ಮೂರ ಒಗ್ಗರಣೆ' ಓದಿದವರು 'ಚಳ್ಳಕೆರೆ ರೈತರ ಕಾಯಿ', 'ರೈತರಿಂದ ನೇರವಾಗಿ ಕೊಳ್ತಾರೆ' ಎನ್ನುತ್ತಾರೆ. ಕೆಲವರು 'ಶೇಂಗಾ ಬೀಜ ಮಾರುತ್ತಾರೆ' ಎಂದೂ ಹೇಳಬಹುದು. ಆ ಕೊನೆಯ ಉತ್ತರ ಮೂರ್ನಾಲ್ಕು ಸಲ ಬಂದರೆ ಸಾಲಿಗೆ ಸ್ಪಷ್ಟತೆಯ ಸಮಸ್ಯೆ ಇದೆ ಎಂದರ್ಥ.

ನೀವು ಬರೆಯದ ಮಾತುಗಳೂ ಉತ್ತರದಲ್ಲಿ ಇವೆ, ಗಮನಿಸಿ. ಕೆಮಿಕಲ್ ಇಲ್ಲ ಎಂದು ಸಾಲಿನಲ್ಲಿ ಎಲ್ಲಿಯೂ ಇಲ್ಲ. ರೈತರಿಂದ ನೇರ ಖರೀದಿ ಎಂದೂ ಇಲ್ಲ. ಆದರೂ ಓದಿದವರು ಅದನ್ನು ಸೇರಿಸಿಕೊಂಡರು. ಮುಂದಿನ ಹೆಜ್ಜೆಗೆ ಬೇಕಾದದ್ದು ಇವೇ.

## ಪ್ರತಿ ಮಾತಿಗೂ ಸಾಕ್ಷಿ

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಗ್ರಾಹಕರ ಮನಸ್ಸಿನಲ್ಲಿ ಏನು ಮೂಡುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 'ನಾವು ಹಾಗೆ ಬರೆದಿಲ್ಲ' ಎಂಬ ಉತ್ತರ ಯಾವಾಗಲೂ ಕೈಹಿಡಿಯುವುದಿಲ್ಲ.

ಹಾಗಾಗಿ ಜನ ಹೇಳಿದ ಉತ್ತರಗಳನ್ನು ಒಂದೊಂದಾಗಿ ತೆಗೆದುಕೊಂಡು ಮೂರು ಗುಂಪು ಮಾಡಿ. ಒಂದು, ಅಳೆಯಬಹುದಾದ ಮಾತು: ನಂ. 1, ಮರದ ಗಾಣ, ಹೃದಯಕ್ಕೆ ಒಳ್ಳೆಯದು. ಎರಡು, ಬರೀ ಅಭಿಪ್ರಾಯ: ರುಚಿ, ಖುಷಿ, ಮನೆಯ ಅನುಭವ. ಮೂರು, ಎರಡರ ನಡುವೆ ನಿಂತದ್ದು. ಮೊದಲನೆಯದಕ್ಕೆ ದಾಖಲೆ ಬೇಕು. ಎರಡನೆಯದಕ್ಕೆ ಬೇಡ. ಜಾಸ್ತಿ ತೊಂದರೆ ಬರುವುದು ಮೂರನೆಯದರಿಂದ.

ಮೂರನೆಯದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಪಾಪಾ ಜಾನ್ಸ್ ಪಿಜ್ಜಾ ಕಂಪನಿಯದ್ದು. ಇನ್ನೂ ಒಳ್ಳೆಯ ಸಾಮಗ್ರಿ, ಇನ್ನೂ ಒಳ್ಳೆಯ ಪಿಜ್ಜಾ ಎಂಬರ್ಥದ ಸಾಲು ಅವರದ್ದು. ಎದುರಾಳಿ ಕಂಪನಿ ಪಿಜ್ಜಾ ಹಟ್, ಪಾಪಾ ಜಾನ್ಸ್ ಮೇಲೆ ಕೇಸು ಹಾಕಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ಎರಡು ಭಾಗ ಇದೆ. ಆ ಸಾಲನ್ನು ಒಂದೇ ನೋಡಿದರೆ ಅದು ಬರೀ ಹೊಗಳಿಕೆ, ಯಾರೂ ಅಳೆಯಲಾರರು. ಆದರೆ ಅದೇ ಸಾಲನ್ನು ಸಾಸ್ ಮತ್ತು ಹಿಟ್ಟನ್ನು ಎದುರಾಳಿಯ ಜೊತೆ ಹೋಲಿಸುವ ಜಾಹೀರಾತುಗಳ ಪಕ್ಕದಲ್ಲಿ ಇಟ್ಟಾಗ ಅದಕ್ಕೆ ಅಳೆಯಬಹುದಾದ ಅರ್ಥ ಬಂದುಬಿಟ್ಟಿತು. ಕೊನೆಗೆ ಪಾಪಾ ಜಾನ್ಸ್ ಗೆದ್ದದ್ದು, ಆ ಸಾಲು ಗ್ರಾಹಕರ ಖರೀದಿಯ ಮೇಲೆ ಪರಿಣಾಮ ಬೀರಿತು ಎಂದು ಪಿಜ್ಜಾ ಹಟ್ ತೋರಿಸಲಿಲ್ಲ ಎಂಬ ಕಾರಣಕ್ಕೆ. ಇದರಿಂದ ನಮಗೆ ಸಿಗುವ ಕೆಲಸ ಇಷ್ಟು: ಸಾಲನ್ನು ಬಿಳಿ ಹಾಳೆಯ ಮೇಲೆ ಪರೀಕ್ಷಿಸಿ ಬಿಡಬಾರದು. ಲೇಬಲ್, ಪೋಸ್ಟರ್, ವಿಡಿಯೊ ಎಲ್ಲದರ ಪಕ್ಕದಲ್ಲಿಟ್ಟು ಅದೇ ಎರಡು ಪ್ರಶ್ನೆ ಮತ್ತೆ ಕೇಳಬೇಕು. 'ಹೃದಯಕ್ಕೆ ಹಿತ' ಎಂಬುದನ್ನು ಮನಸ್ಸಿಗೆ ಹಿತ ಎಂಬ ಅರ್ಥದಲ್ಲಿ ಬರೆದೆವು ಎನ್ನಬಹುದು. ಪಕ್ಕದಲ್ಲಿ ಕೆಂಪು ಹೃದಯದ ಚಿತ್ರ ಇದ್ದರೆ ಆ ಮಾತು ನಿಲ್ಲುವುದಿಲ್ಲ.

ಇನ್ನೊಂದು ನಮ್ಮ ದೇಶದ್ದೇ. 2022ರಲ್ಲಿ ಸೆನ್ಸೊಡೈನ್ ಟೂತ್‌ಪೇಸ್ಟಿನ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿತು. ಜಗತ್ತಿನೆಲ್ಲೆಡೆ ದಂತವೈದ್ಯರು ಶಿಫಾರಸು ಮಾಡುತ್ತಾರೆ, ಜಗತ್ತಿನ ನಂ. 1 ಎಂಬ ಮಾತುಗಳು ಅದರಲ್ಲಿದ್ದವು. ಕಂಪನಿ ಸಾಕ್ಷಿಯಾಗಿ ಕೊಟ್ಟ ಸಮೀಕ್ಷೆ ಭಾರತದ ದಂತವೈದ್ಯರದ್ದು ಮಾತ್ರ. ಅಂದರೆ ದಾಖಲೆ ಇತ್ತು, ಆದರೆ ಅದು ಹೇಳಿದ ಮಾತಿನಷ್ಟು ದೊಡ್ಡದಾಗಿರಲಿಲ್ಲ. ನಮ್ಮ 'ಕರ್ನಾಟಕದ ನಂ. 1' ಸಾಲಿಗೂ ಇದೇ ಗತಿ. ಯಾವುದರಲ್ಲಿ ನಂ. 1? ಮಾರಾಟದಲ್ಲಾ, ರುಚಿಯಲ್ಲಾ? ಯಾವ ವರ್ಷ? ಎಣಿಸಿದವರು ಯಾರು? ಮೂರು ಊರಿನಲ್ಲಿ ಮಾರುವ ಘಟಕಕ್ಕೆ ಇದಕ್ಕೆ ಉತ್ತರ ಇರುವುದಿಲ್ಲ. ಕೈಬಿಡಿ.

ತಿನ್ನುವ ವಸ್ತುವಾದರೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ನಿಯಮಗಳೂ ಇವೆ. ಅಡುಗೆ ಎಣ್ಣೆಯ ಲೇಬಲ್ ಮೇಲೆ ಹೃದಯಕ್ಕೆ ಹಿತ, ಕೊಲೆಸ್ಟ್ರಾಲ್ ವಿರೋಧಿ, ಡಬಲ್ ರಿಫೈನ್ಡ್ ಥರದ ಉತ್ಪ್ರೇಕ್ಷೆಯ ಮಾತುಗಳಿಗೆ ಅವಕಾಶವೇ ಇಲ್ಲ. ಹಾಗಾಗಿ ಎರಡನೇ ಸಾಲನ್ನು ತಿದ್ದಿ ಉಳಿಸುವ ಪ್ರಯತ್ನವೂ ಬೇಡ. ಅದೇ ಸಂಸ್ಥೆಯ 2018ರ ಜಾಹೀರಾತು ಮತ್ತು ಕ್ಲೇಮ್‌ಗಳ ನಿಯಮಗಳಲ್ಲಿ ಶುದ್ಧ, ನೈಸರ್ಗಿಕ, ತಾಜಾ, ಸಾಂಪ್ರದಾಯಿಕ ಎಂಬ ಪದಗಳಿಗೆ ಒಂದೊಂದು ಷರತ್ತು ಇದೆ. ಶುದ್ಧ ಎನ್ನಬೇಕಾದರೆ ಅದು ಒಂದೇ ಪದಾರ್ಥದ ಆಹಾರವಾಗಿರಬೇಕು, ಬೇರೇನೂ ಸೇರಿಸಿರಬಾರದು, ತಪ್ಪಿಸಬಹುದಾದ ಮಾಲಿನ್ಯ ಇರಬಾರದು. ಆರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಕಳಿಸುವವರು ಪ್ರತಿ ಬಾಟಲಿಯ ಬಗ್ಗೆ ಆ ಮಾತು ಹೇಳುವುದು ಕಷ್ಟ. ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಭಯವೂ ಇರುವುದರಿಂದ ಇದು ಬರೀ ಕಾಗದದ ಮಾತಲ್ಲ.

'ನಮ್ಮೂರ ಶೇಂಗಾ' ನನಗೆ ಇಷ್ಟವಾದ ಸಾಲು. ಓದಲು ಹಿತವಾಗಿದೆ. ಆದರೆ ನಿಜದ ಪಟ್ಟಿಯಲ್ಲಿ ಏನಿದೆ? ಕೆಲವು ತಿಂಗಳು ಕಾಯಿ ಹೊರಗಿನದ್ದು. ಆ ತಿಂಗಳುಗಳಲ್ಲಿ ತುಂಬಿದ ಬಾಟಲಿಯ ಮೇಲೆ ಈ ಸಾಲು ಸುಳ್ಳಾಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಲಭ್ಯತೆಗೆ ಅನುಗುಣವಾಗಿ' ಎಂದು ಹಾಕಿದರೆ ಸಾಕು ಎಂದು ಯಾರಾದರೂ ಹೇಳಬಹುದು. ಸಾಕಾಗುವುದಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜಾಹೀರಾತು ಮಾರ್ಗಸೂಚಿಯ ಪ್ರಕಾರ ಇಂಥ ಟಿಪ್ಪಣಿ ಮೂಲ ಮಾತನ್ನು ವಿವರಿಸಬಹುದು, ಅದಕ್ಕೆ ಉಲ್ಟಾ ಹೇಳಬಾರದು. ಮೂಲ ಮಾತಿನ ಭಾಷೆಯಲ್ಲೇ, ಅದೇ ಫಾಂಟ್‌ನಲ್ಲಿ ಇರಬೇಕು. ಕನ್ನಡ ಟ್ಯಾಗ್‌ಲೈನಿಗೆ ಇಂಗ್ಲಿಷ್ ಟಿಪ್ಪಣಿ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಈ ಕಂಪನಿಯ ಮುಂದೆ ಎರಡು ದಾರಿ ಇವೆ: ಹೊರಗಿನ ಕಾಯಿ ನಿಲ್ಲಿಸಬೇಕು, ಇಲ್ಲವೇ ಸಾಲು ಬಿಡಬೇಕು.

ಉಳಿದದ್ದು 'ಗಾಣ ಮರದ್ದು, ಘಮ ಶೇಂಗಾದ್ದು'. ಇದರಿಂದ ಜನ ತಿಳಿದುಕೊಂಡ ಮಾತುಗಳನ್ನು ಪಟ್ಟಿಯ ಜೊತೆ ಹೋಲಿಸಿ. ಮರದ ಗಾಣ: ನಿಜ. ಗಾಣ ಖರೀದಿಯ ಬಿಲ್, ಒನಕೆ ಮತ್ತು ಒರಳಿನ ಫೋಟೊ, ಎಷ್ಟು ಕಾಯಿ ಅರೆದು ಎಷ್ಟು ಎಣ್ಣೆ, ಎಷ್ಟು ಹಿಂಡಿ ಬಂತು ಎಂಬ ದಿನದ ಪುಸ್ತಕ, ಇಷ್ಟನ್ನು ಫೈಲಿಗೆ ಸೇರಿಸಿ. ಆ ಪುಸ್ತಕ ಬಹಳ ಮುಖ್ಯ. ಗಾಣ ತೆಗೆಯಬಲ್ಲ ಎಣ್ಣೆಗಿಂತ ಜಾಸ್ತಿ ಬಾಟಲಿ ಮಾರಾಟವಾಗಿದ್ದರೆ ಅದರಿಂದಲೇ ಗೊತ್ತಾಗುತ್ತದೆ. ಘಮ ಶೇಂಗಾದ್ದು: ಬೇರೆ ಏನೂ ಸೇರಿಸಿಲ್ಲ, ನಿಜ. ಖರೀದಿ ಬಿಲ್‌ಗಳಲ್ಲಿ ಸುವಾಸನೆಯ ವಸ್ತು ಇಲ್ಲದಿರುವುದೂ ಒಂದು ಸಾಕ್ಷಿಯೇ. ಆದರೆ 'ಕೆಮಿಕಲ್ ಇಲ್ಲ' ಎಂಬುದು? ಎಣ್ಣೆ ತೆಗೆಯಲು ಹೆಕ್ಸೇನ್ ಎಂಬ ರಾಸಾಯನಿಕ ದ್ರಾವಕ ಬಳಸಿಲ್ಲ ಎನ್ನುವುದು ನಿಜ. ಹೊಲದಲ್ಲಿ ಹೊಡೆದ ಔಷಧಿಯ ಬಗ್ಗೆ ಕಂಪನಿಗೆ ಗೊತ್ತಿಲ್ಲ. ಇಪ್ಪತ್ತರಲ್ಲಿ ಒಬ್ಬಿಬ್ಬರು ಹಾಗೆ ತಿಳಿದರೆ ಸಾಲು ಇರಲಿ. ಆದರೆ ಪೋಸ್ಟರ್‌ನಲ್ಲಿ, ವಿಡಿಯೊದಲ್ಲಿ ಆ ಅರ್ಥಕ್ಕೆ ನೀರೆರೆಯುವ ಯಾವ ಮಾತೂ ಬೇಡ. ಅರ್ಧ ಜನ ಹಾಗೆ ತಿಳಿದರೆ ಸಾಲನ್ನೇ ತಿದ್ದಬೇಕು.

## ನೆನಪಿನ ಪರೀಕ್ಷೆ

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಸುಳ್ಳು ಸಾಲು ಚೆನ್ನಾಗಿ ನೆನಪಿದ್ದಷ್ಟೂ ತೊಂದರೆ ಜಾಸ್ತಿ. ಹಾಗಾಗಿ ಸಾಕ್ಷಿಯ ಹೆಜ್ಜೆ ದಾಟಿದವನ್ನು ಮಾತ್ರ ಇಲ್ಲಿಗೆ ತನ್ನಿ.

ನಮ್ಮ ಗಾದೆಗಳು ನಾಲಿಗೆಯ ಮೇಲೆ ಉಳಿದಿರುವುದು ಹೇಗೆ ಎಂದು ನೋಡಿ. ಕೈ ಕೆಸರಾದರೆ ಬಾಯಿ ಮೊಸರು. ಎರಡು ತುಂಡು, ಕಣ್ಣಿಗೆ ಕಾಣುವ ವಸ್ತುಗಳು, ಕೆಸರು ಮತ್ತು ಮೊಸರಿನ ಪ್ರಾಸ. ಒಂದು ತುಂಡು ಹೇಳಿದರೆ ಇನ್ನೊಂದು ತಾನೇ ಬರುತ್ತದೆ. 'ಗಾಣ ಮರದ್ದು, ಘಮ ಶೇಂಗಾದ್ದು' ಸಾಲಿನಲ್ಲಿ ಇದೇ ಕಟ್ಟು ಇದೆ. ಎರಡು ತುಂಡಿನ ಶುರುವಿನಲ್ಲಿ ಗಾ, ಘ. ಕೊನೆಯಲ್ಲಿ ದ್ದು, ದ್ದು. ಶೇಂಗಾದ್ದು ಎಂಬಲ್ಲಿ ನಾಲಿಗೆ ಸ್ವಲ್ಪ ತಡವರಿಸಬಹುದು. ಅದು ನಿಜವಾದ ಸಮಸ್ಯೆಯಾ ಎಂದು ಪರೀಕ್ಷೆಯೇ ಹೇಳಬೇಕು.

ಹೊಸ ಹತ್ತು ಹದಿನೈದು ಜನರನ್ನು ಹುಡುಕಿ. ನಿಮ್ಮ ಸಾಲನ್ನು ಬ್ರ್ಯಾಂಡ್ ಹೆಸರಿನ ಜೊತೆಗೆ, ಬೇರೆ ವ್ಯಾಪಾರಗಳ ಐದು ಸಾಲುಗಳ ನಡುವೆ ಇಟ್ಟು ಒಂದು ಸಲ ತೋರಿಸಿ. ಪರೀಕ್ಷೆ ಎಂದು ಹೇಳಬೇಡಿ. ಮರುದಿನ ಫೋನ್ ಮಾಡಿ, ನಿನ್ನೆ ನೋಡಿದ್ದರಲ್ಲಿ ಯಾವುದು ನೆನಪಿದೆ ಎಂದು ಕೇಳಿ. ಉತ್ತರವನ್ನು ಹಾಗೇ ಬರೆದುಕೊಳ್ಳಿ, ತಪ್ಪಿದ್ದರೆ ತಪ್ಪಾಗಿಯೇ.

ಆ ತಪ್ಪುಗಳು ಬಹಳ ಉಪಯೋಗಕ್ಕೆ ಬರುತ್ತವೆ. ಹಲವರು 'ಮರದ ಗಾಣ, ಶೇಂಗಾ ಘಮ' ಎಂದು ಹೇಳಿದರೆ ಕಿವಿಗೆ ಸಲೀಸಾದ ರೂಪ ಅದೇ ಎಂದಾಯಿತು. ಅದನ್ನೇ ತೆಗೆದುಕೊಳ್ಳಬಹುದು, ಸಾಕ್ಷಿಯೂ ಬದಲಾಗುವುದಿಲ್ಲ. ಸಾಲು ನೆನಪಿದೆ, ಆದರೆ ಇನ್ನೊಂದು ದೊಡ್ಡ ಕಂಪನಿಯದ್ದು ಎಂದು ಹೇಳಿದರೆ ನಿಮ್ಮ ದುಡ್ಡಿನಲ್ಲಿ ಅವರ ಜಾಹೀರಾತು ಮಾಡಿದಂತೆ. ಆಗ ಬ್ರ್ಯಾಂಡ್ ಹೆಸರಿನ ಸದ್ದು ಸಾಲಿನೊಳಗೆ ಬರುವಂತೆ ಮಾಡಬೇಕು. ಕೆಲವರು 'ಮರದ ಗಾಣ, ಕೆಮಿಕಲ್ ಇಲ್ಲ' ಎಂದು ನೆನಪಿಟ್ಟಿದ್ದರೆ ಎಚ್ಚರಿಕೆ ತೆಗೆದುಕೊಳ್ಳಿ. ನೆನಪಿನಲ್ಲಿ ಸಾಲು ನಿಮ್ಮ ಸಾಕ್ಷಿಯನ್ನು ದಾಟಿ ಬೆಳೆಯುತ್ತಿದೆ. ಅದನ್ನು ಹಿಂದಿನ ಹೆಜ್ಜೆಗೆ ಕೊಂಡೊಯ್ದು ಮತ್ತೆ ನೋಡಿ.

## ಮುದ್ರಣಕ್ಕೆ ಕೊಡುವ ಮೊದಲು, ಕೊಟ್ಟ ಮೇಲೆ

ಆರಿಸಿದ ಸಾಲು ಬೇರೆಯವರ ಟ್ರೇಡ್‌ಮಾರ್ಕ್ ಆಗಿದೆಯಾ ಎಂದು ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ನೋಡಿ. ಲೇಬಲ್ ಕರಡನ್ನು ಆಹಾರ ನಿಯಮ ಗೊತ್ತಿರುವ ವಕೀಲರಿಗೋ ಸಲಹೆಗಾರರಿಗೋ ಒಮ್ಮೆ ತೋರಿಸಿ. ಇಲ್ಲಿ ಹೇಳಿದ್ದು ಅವರ ಹತ್ತಿರ ಹೋಗುವ ಮೊದಲಿನ ತಯಾರಿ. ಆ ಸಲಹೆಯ ಬದಲಿಗೆ ಇದು ನಿಲ್ಲುವುದಿಲ್ಲ.

ಫೈಲಿನ ಮೊದಲ ಪುಟದಲ್ಲಿ ಸಾಲನ್ನು ಬರೆದು, ಅದರ ಕೆಳಗೆ ಅದು ನಿಜವಾಗಿರಲು ಏನೇನು ಬದಲಾಗಬಾರದು ಎಂದು ಬರೆದಿಡಿ. ನಮ್ಮ ಘಟಕಕ್ಕೆ ಅದು ಮೂರು ಸಾಲು: ಕಾಯಿಗೆ ತಾಗುವ ಭಾಗ ಮರದ್ದೇ ಇರಬೇಕು, ಹೊರಗಿನ ಎಣ್ಣೆ ಬಾಟಲಿಗೆ ಬರಬಾರದು, ಶೇಂಗಾ ಬಿಟ್ಟು ಬೇರೇನೂ ಸೇರಬಾರದು. ಆ ಪುಟದ ಒಂದು ಪ್ರತಿ ಗಾಣದ ಮನೆಯ ಗೋಡೆಗೂ ಅಂಟಿಸಿ. ದೀಪಾವಳಿಗೆ ಮುಂಚೆ ಆರ್ಡರ್ ತುಂಬಿ, ಪಕ್ಕದ ಊರಿನ ಎಕ್ಸ್‌ಪೆಲ್ಲರ್ ಮಾಲೀಕರು ಎರಡು ಬ್ಯಾರೆಲ್ ಕೊಡುತ್ತೇವೆ ಎಂದಾಗ ನಿರ್ಧಾರ ಮಾಡುವವರು ಅಲ್ಲಿ ಕೆಲಸ ಮಾಡುವವರೇ. ನಾಳೆ ಎಳ್ಳೆಣ್ಣೆ ಶುರು ಮಾಡಿದರೆ 'ಘಮ ಶೇಂಗಾದ್ದು' ಆ ಬಾಟಲಿಗೆ ಹೊಂದುವುದಿಲ್ಲ. ಎಳ್ಳು ಅರೆಯುವಾಗ ಗಾಣಕ್ಕೆ ಬೆಲ್ಲ ಹಾಕುವ ಪದ್ಧತಿ ಇದ್ದರೆ ಬೇರೇನೂ ಸೇರಿಸಿಲ್ಲ ಎಂಬ ಮಾತನ್ನೂ ಅಲ್ಲಿ ಹೇಳುವಂತಿಲ್ಲ. ಆ ಬಾಟಲಿಗೆ ಬೇರೆ ಸಾಲು ಬೇಕು. ಅದಕ್ಕೂ ನಿಜದ ಪಟ್ಟಿಯಿಂದಲೇ ಶುರು ಮಾಡಬೇಕು.